ಪಿಂಗ್ 28, ಆದರೂ ಲ್ಯಾಗ್

ಮನೆಯಲ್ಲಿ ಹೈಸ್ಕೂಲೋ ಪಿಯುಸಿಯೋ ಓದುವ ಹುಡುಗರಿದ್ದರೆ ಸಂಜೆ ಏಳರ ಮೇಲೆ ಒಳಕೋಣೆಯಿಂದ ಒಂದು ಕೂಗನ್ನು ನೀವು ಕೇಳಿಯೇ ಇರುತ್ತೀರಿ: "ಥೂ, ಲ್ಯಾಗ್!" ಆನ್‌ಲೈನ್ ಆಟ ಆಡುವವರಿಗೆ ಎಲ್ಲ ತೊಂದರೆಗೂ ಇದೊಂದೇ ಹೆಸರು. ಹೊಡೆದ ಗುಂಡು ತಾಗಲಿಲ್ಲವೇ, ಲ್ಯಾಗ್. ಎದುರಾಳಿ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಎದ್ದನೇ, ಲ್ಯಾಗ್. ಗೋಡೆಯ ಮರೆಗೆ ಬಂದ ಮೇಲೂ ಸತ್ತರೆ, ಅದೂ ಲ್ಯಾಗ್. ಕೊನೆಗೆ ಅಪ್ಪನ ಮುಂದೆ ಅಹವಾಲು ಹೋಗುತ್ತದೆ: "ನಮ್ಮ ನೆಟ್ ಸ್ಲೋ, ದೊಡ್ಡ ಪ್ಲಾನ್ ಹಾಕಿಸಿ." ಅಪ್ಪ ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಪ್ಲಾನ್ ಬದಲಿಸುತ್ತಾರೆ. ಲ್ಯಾಗ್ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಅದಕ್ಕೆ ಕಾರಣ ಸರಳ. ವೇಲೊರೆಂಟ್, ಕೌಂಟರ್ ಸ್ಟ್ರೈಕ್‌ನಂಥ ಆಟ ನಡೆಯುವಾಗ ಅದಕ್ಕೆ ಬೇಕಾಗುವುದು ಹೆಚ್ಚೆಂದರೆ ಒಂದು ಎಂಬಿಪಿಎಸ್ ಸುತ್ತಮುತ್ತ. 40 ಎಂಬಿಪಿಎಸ್ ಪ್ಲಾನಿನಲ್ಲೇ ಅದು ಧಾರಾಳವಾಗಿ ಸಿಗುತ್ತದೆ. ಆಟಕ್ಕೆ ಮುಖ್ಯವಾದದ್ದು ಎಷ್ಟು ಸರಕು ಬಂತು ಅನ್ನುವುದಲ್ಲ. ಪ್ರತಿಯೊಂದು ಸಣ್ಣ ಪ್ಯಾಕೆಟ್ಟೂ ಎಷ್ಟು ಹೊತ್ತಿಗೆ ಬಂತು, ಒಂದೇ ಲಯದಲ್ಲಿ ಬಂತೇ, ಅಥವಾ ಬರಲೇ ಇಲ್ಲವೇ ಅನ್ನುವುದು. ಈ ಮೂರು ಪ್ರಶ್ನೆಗಳಿಗೆ ಮೂರು ಅಳತೆಗಳಿವೆ. ಹೋಗಿ ಬರುವುದಕ್ಕೆ ಹಿಡಿಯುವ ಕಾಲ ಪಿಂಗ್. ಆ ಕಾಲ ಒಂದೊಂದು ಸಲ ಒಂದೊಂದು ಥರ ಆಗುವುದು ಜಿಟರ್. ಪ್ಯಾಕೆಟ್ ದಾರಿಯಲ್ಲೇ ಕಳೆದುಹೋಗುವುದು ಪ್ಯಾಕೆಟ್ ಲಾಸ್. ಮೂರೂ ಹುಟ್ಟುವ ಜಾಗ ಬೇರೆ, ರಿಪೇರಿ ಬೇರೆ. ಕೆಲವಕ್ಕೆ ರಿಪೇರಿಯೇ ಇಲ್ಲ. ಯಾವುದು ಯಾವುದೆಂದು ಗುರುತಿಸದೆ ರೂಟರ್ ಬದಲಿಸುವುದು, ಪ್ಲಾನ್ ಬದಲಿಸುವುದು ಬರೀ ಹಣದ ದಂಡ.

ಮೊದಲು ಪರದೆಯ ಮೇಲೆ ಕಾಣುವುದನ್ನು ನೋಡೋಣ. ಬರೀ ಕಣ್ಣಿನಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ನೆಟ್‌ವರ್ಕಿನದೇ ಅಲ್ಲದ ತೊಂದರೆಯನ್ನು ಮೊದಲು ಪಕ್ಕಕ್ಕಿಡಬೇಕು. ಲ್ಯಾಗ್ ಆಗುತ್ತಿರುವಾಗಲೇ ಮೌಸನ್ನು ಎಡಕ್ಕೆ ಬಲಕ್ಕೆ ಆಡಿಸಿ ನೋಡಿ. ನೀವು ಸುತ್ತ ತಿರುಗಿ ನೋಡುವ ದೃಶ್ಯವನ್ನು ನಿಮ್ಮ ಕಂಪ್ಯೂಟರೇ ಬರೆಯುತ್ತದೆ, ಅದಕ್ಕೆ ಸರ್ವರಿನ ಅಪ್ಪಣೆ ಬೇಕಿಲ್ಲ. ತಿರುಗುವುದೇ ತಡವರಿಸಿದರೆ ದೋಷ ಕಂಪ್ಯೂಟರಿನದು: ಗ್ರಾಫಿಕ್ಸ್ ಕಾರ್ಡ್ ಸಾಲದು, ಇಲ್ಲವೇ ಯಂತ್ರ ಕಾದು ನಿಧಾನವಾಗಿದೆ. ತಿರುಗುವುದು ನುಣುಪಾಗಿದ್ದು ಸುತ್ತಲಿನ ಆಟಗಾರರು ಮಾತ್ರ ತಡವರಿಸುತ್ತಿದ್ದರೆ ಆಗ ನೆಟ್‌ವರ್ಕಿನ ಮಾತು. ಇಷ್ಟನ್ನೂ ನೋಡದೆ ಇಂಟರ್‌ನೆಟ್ಟಿನವರಿಗೆ ಬೈಯುವವರು ಬಹಳ ಜನ.

ಇನ್ನು ಮೂರರ ಲಕ್ಷಣ. ಪಿಂಗ್ ಹೆಚ್ಚು, ಆದರೆ ಒಂದೇ ಸಮ ಇದ್ದರೆ ಆಟ ನುಣುಪಾಗಿಯೇ ಓಡುತ್ತದೆ. ತಡವರಿಕೆಯಿಲ್ಲ, ನೆಗೆತವಿಲ್ಲ. ಆದರೆ ಎಲ್ಲವೂ ಒಂದು ಗಳಿಗೆ ತಡ. ಮೂಲೆಯಿಂದ ಹೊರಬಂದ ಎದುರಾಳಿ ನಿಮಗೆ ಕಾಣುವಷ್ಟರಲ್ಲಿ ಅವನು ಗುರಿಯಿಟ್ಟು ಮುಗಿಸಿರುತ್ತಾನೆ. ಗೋಡೆಯ ಮರೆಗೆ ಬಂದ ಮೇಲೂ ಸಾಯುವುದು ಇದೇ ಕಾರಣಕ್ಕೆ. ಹೊಡೆದವನ ಪರದೆಯಲ್ಲಿ ಆ ಕ್ಷಣ ನೀವು ಎಲ್ಲಿದ್ದಿರಿ ಎಂದು ಸರ್ವರ್ ಹಿಂದಕ್ಕೆ ತಿರುಗಿ ನೋಡಿ ತೀರ್ಪು ಕೊಡುತ್ತದೆ. ಅವನ ಪರದೆಯಲ್ಲಿ ನೀವಿನ್ನೂ ಬಯಲಿನಲ್ಲೇ ಇದ್ದಿರಿ. ಹುಡುಗರು ಇದನ್ನು ಮೋಸ ಅನ್ನುತ್ತಾರೆ, ಆದರೆ ಹಾಗೆ ಮಾಡದಿದ್ದರೆ ಗುರಿಯಿಟ್ಟು ಹೊಡೆದವನಿಗೆ ಇನ್ನೂ ದೊಡ್ಡ ಮೋಸವಾಗುತ್ತಿತ್ತು. ಈ ಉಪಾಯವನ್ನು ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು.

ಜಿಟರಿನ ಲಕ್ಷಣ ಬೇರೆ. ಎದುರಾಳಿ ನಡೆಯುತ್ತಾ ಇದ್ದವನು ಒಂದು ಕ್ಷಣ ನಿಂತು, ಮರುಕ್ಷಣ ಓಡಿ ತನ್ನ ಜಾಗ ಸೇರುತ್ತಾನೆ. ವೇಲೊರೆಂಟ್ ಸರ್ವರ್ ಸೆಕೆಂಡಿಗೆ 128 ಸಲ ಆಟದ ಲೆಕ್ಕ ಹಾಕುತ್ತದೆ, ಅಂದರೆ ಸುಮಾರು 8 ಮಿಲಿಸೆಕೆಂಡಿಗೆ ಒಂದು ಸಲ. ಈ ಲಯದಲ್ಲಿ ಬರಬೇಕಾದ ಪ್ಯಾಕೆಟ್ಟುಗಳಲ್ಲಿ ಹತ್ತು ಸಿಕ್ಕಿಬಿದ್ದು ಆಮೇಲೆ ಒಟ್ಟಿಗೆ ಬಂದರೆ, ಆಟಕ್ಕೆ ನಡುವಿನ 80 ಮಿಲಿಸೆಕೆಂಡ್ ಕುರುಡು. ಕಳೆದುಹೋದದ್ದು ಒಂದೂ ಇಲ್ಲ, ಬಂದದ್ದು ಮಾತ್ರ ಹೊತ್ತಿಗೆ ಸರಿಯಾಗಿ ಬಂದಿಲ್ಲ.

ಪ್ಯಾಕೆಟ್ ಲಾಸ್ ಆದಾಗ ಕೆಲಸವೇ ಆಗದೆ ಹೋಗುತ್ತದೆ. ನೀವು ಒತ್ತಿದ ಕೀ ಕೆಲಸ ಮಾಡಲಿಲ್ಲ, ಬಂದೂಕು ಸದ್ದು ಮಾಡಿತು ಆದರೆ ಗುಂಡು ಲೆಕ್ಕಕ್ಕೆ ಬರಲಿಲ್ಲ, ಮುಂದೆ ಹೋದವರನ್ನು ಯಾರೋ ರಬ್ಬರ್ ಬ್ಯಾಂಡ್ ಕಟ್ಟಿ ಹಿಂದಕ್ಕೆ ಎಳೆದ ಹಾಗಾಯಿತು. ಇದರಲ್ಲೂ ಒಂದು ಸೂಕ್ಷ್ಮವಿದೆ. ನಿಮ್ಮ ಕೆಲಸಗಳೇ ಮಾಯವಾಗುತ್ತಿದ್ದರೆ ನಿಮ್ಮಿಂದ ಸರ್ವರಿಗೆ ಹೋಗುವ ಪ್ಯಾಕೆಟ್ಟುಗಳು ಕಳೆಯುತ್ತಿವೆ. ನೀವು ಸರಾಗವಾಗಿ ಓಡಾಡುತ್ತಿದ್ದು ಉಳಿದವರು ಮಾತ್ರ ಅಲ್ಲಲ್ಲಿ ನೆಗೆದು ಕಾಣಿಸಿದರೆ ಸರ್ವರಿಂದ ನಿಮಗೆ ಬರುವವು ಕಳೆಯುತ್ತಿವೆ. ಕಳೆದದ್ದನ್ನು ಆಟ ಮತ್ತೆ ತರಿಸಿಕೊಳ್ಳುವುದಿಲ್ಲ. ಎದುರಾಳಿ ಆಗ ಎಲ್ಲಿದ್ದ ಅನ್ನುವ ಹಳೆಯ ಸುದ್ದಿಯಿಂದ ಈಗ ಏನೂ ಪ್ರಯೋಜನವಿಲ್ಲ. ಹಾಗಾಗಿ ಅಲ್ಲೊಂದು ಇಲ್ಲೊಂದು ಹೋದರೆ ಆಟ ಹೇಗೋ ಊಹಿಸಿ ತುಂಬಿಕೊಳ್ಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಸಾಲಾಗಿ ಹತ್ತಿಪ್ಪತ್ತು ಹೋದರೆ ಮಾತ್ರ ಎಳೆತ ಕಾಣುತ್ತದೆ. ನೂರಕ್ಕೆ ಒಂದು ಎಂದು ತೋರಿಸುವ ಅಂಕಿ ಈ ಎರಡು ಥರದ ನಷ್ಟವನ್ನೂ ಒಂದೇ ಮಾಡಿಬಿಡುತ್ತದೆ.

ಈಗ ಒಂದೊಂದೂ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಬರೋಣ. ಪಿಂಗಿನದು ಬೇಗ ಮುಗಿಯುತ್ತದೆ, ಏಕೆಂದರೆ ಅದರ ಬಹುಪಾಲು ದೂರದ ಲೆಕ್ಕ. ಗಾಜಿನ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ 1000 ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್. ಮೈಸೂರಿನಿಂದ ಬೆಂಗಳೂರು ದಾಟಿ ಮುಂಬಯಿಗೆ ಕೇಬಲ್ ಹಾದಿ ಸಾವಿರದ ಇನ್ನೂರು ಕಿಲೋಮೀಟರ್ ಎಂದಿಟ್ಟುಕೊಂಡರೆ ಬೆಳಕಿಗೇ 12 ಮಿಲಿಸೆಕೆಂಡ್ ಬೇಕು. ನಡುವಿನ ಯಂತ್ರಗಳ ಪಾಲು, ಸರ್ವರ್ ತನ್ನ ಮುಂದಿನ ಲೆಕ್ಕದವರೆಗೆ ಕಾಯುವ ಪಾಲು ಸೇರಿ ಆಟದಲ್ಲಿ 25, 30 ಕಂಡರೆ ಅದು ಒಳ್ಳೆಯ ಲೈನು. ಸಿಂಗಾಪುರದ ಸರ್ವರ್ ಆರಿಸಿಕೊಂಡರೆ ಚೆನ್ನೈಯಿಂದ ಸಮುದ್ರದ ಕೇಬಲ್ಲೇ ಸುಮಾರು 3200 ಕಿಲೋಮೀಟರ್. ಅಲ್ಲಿ 50, 60 ಬಂದರೆ ಯಾರನ್ನೂ ದೂರುವ ಹಾಗಿಲ್ಲ. ಸಾವಿರ ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಬೆಳಕು ಜೋರಾಗಿ ಓಡುವುದಿಲ್ಲ.

ಹಾಗಾಗಿ ಪಿಂಗ್ ದಿನವಿಡೀ ಒಂದೇ ಸಮ ಹೆಚ್ಚಿದ್ದರೆ ಮೊದಲು ನೋಡಬೇಕಾದದ್ದು ಆಟದೊಳಗಿನ ಸರ್ವರ್ ಆಯ್ಕೆ. ಮುಂಬಯಿ ಇರಬೇಕಾದ ಕಡೆ ಬೇರೆ ಊರು ಟಿಕ್ ಆಗಿದೆಯೇ? ವಿಪಿಎನ್ ಆನ್ ಇದೆಯೇ? ಎರಡೂ ಸರಿಯಿದ್ದು ಮುಂಬಯಿಗೇ 90, 100 ತೋರಿಸುತ್ತಿದ್ದರೆ ದಾರಿ ಸುತ್ತಾಗಿದೆ. ಇಂಟರ್‌ನೆಟ್ ಕಂಪನಿಗಳು ತಮ್ಮತಮ್ಮಲ್ಲಿ ಪ್ಯಾಕೆಟ್ ಕೈಬದಲಿಸಿಕೊಳ್ಳುವ ಊರು ಹತ್ತಿರದಲ್ಲೇ ಇರಬೇಕೆಂದೇನಿಲ್ಲ. ಮೈಸೂರಿನ ಪ್ಯಾಕೆಟ್ ಸಿಂಗಾಪುರಕ್ಕೆ ಹೋಗಿ ಮುಂಬಯಿಗೆ ವಾಪಸ್ ಬರುವುದು ಹೊಸದೇನಲ್ಲ. ವಿಂಡೋಸಿನಲ್ಲಿ `tracert` ಎಂಬ ಕಮಾಂಡನ್ನು ಸರ್ವರಿನ ವಿಳಾಸದೊಂದಿಗೆ ಕೊಟ್ಟರೆ ದಾರಿಯ ಒಂದೊಂದು ನಿಲ್ದಾಣಕ್ಕೂ ಎಷ್ಟು ಹೊತ್ತಾಯಿತೆಂದು ಸಾಲಾಗಿ ತೋರಿಸುತ್ತದೆ. 10, 12, 14 ಎಂದು ಬರುತ್ತಿದ್ದದ್ದು ಥಟ್ಟನೆ 70 ಆಗಿ, ಅಲ್ಲಿಂದ ಕೊನೆಯವರೆಗೂ ಕೆಳಗಿಳಿಯದೆ ಉಳಿದರೆ ಸುತ್ತುದಾರಿ ಅಲ್ಲಿಂದ ಶುರು. ಇದನ್ನು ಸರಿಮಾಡುವುದು ನಿಮ್ಮ ಕೈಯಲ್ಲಿಲ್ಲ. ಕಂಪನಿಗೆ ಆ ಪಟ್ಟಿ ಕಳಿಸಬಹುದು, ಅಥವಾ ಬೇರೆ ಕಂಪನಿಯ ಲೈನ್ ತೆಗೆದುಕೊಳ್ಳಬಹುದು. ಕೆಲವೊಮ್ಮೆ ಕಂಪನಿಯ ಕೈಯಲ್ಲೂ ಇರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್ಲುಗಳು ತುಂಡಾದಾಗ ಭಾರತದಿಂದ ಯುರೋಪಿನ ಕಡೆಗೆ ಹೋಗುವ ದಟ್ಟಣೆ ಬೇರೆ ದಾರಿ ಹಿಡಿಯಬೇಕಾಯಿತು. ಯುರೋಪಿನ ಸರ್ವರಿನಲ್ಲಿ ಆಡುವವನ ಪಿಂಗ್ ಅಂಥ ದಿನ ಏರಿದರೆ ಅವನ ಮನೆಯ ರೂಟರಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಮನೆಗಳಲ್ಲಿ ಹೆಚ್ಚು ಕಾಡುವುದು ಜಿಟರ್. ಅದನ್ನು ಮೈಸೂರಿನ ಕುವೆಂಪುನಗರದ ಒಂದು ಮನೆಯ ಲೆಕ್ಕದಲ್ಲೇ ಹೇಳುತ್ತೇನೆ.

ಹುಡುಗ ಎರಡನೇ ಪಿಯುಸಿ. ಆಡುವುದು ವೇಲೊರೆಂಟ್, ಮುಂಬಯಿ ಸರ್ವರಿನಲ್ಲಿ. ಅಪ್ಪ ಆಗಲೇ ಪ್ಲಾನನ್ನು 40ರಿಂದ 150 ಎಂಬಿಪಿಎಸ್‌ಗೆ ಏರಿಸಿದ್ದರು. "ಅಂಕಲ್, ಪಿಂಗ್ 28 ಅಂತಾನೇ ತೋರಿಸ್ತಿದೆ, ಆದ್ರೂ ಲ್ಯಾಗ್ ಆಗತ್ತೆ. ಆಟದ್ದೇ ಪ್ರಾಬ್ಲಮ್ ಅಲ್ವಾ?" ಅಂದ. ಅವನು ನೋಡುತ್ತಿದ್ದದ್ದು ಸರಾಸರಿ. ಐವತ್ತು ಪ್ಯಾಕೆಟ್ಟುಗಳು 26ಕ್ಕೆ ಬಂದು ಒಂದು 130ಕ್ಕೆ ಬಂದರೆ ಸರಾಸರಿ 28 ಎಂದೇ ಕಾಣುತ್ತದೆ. ಆಟ ಕೆಡುವುದು ಆ ಒಂದರಲ್ಲಿ. ಸರಾಸರಿಯನ್ನು ಬಿಟ್ಟು ಒಂದೊಂದನ್ನೂ ಸಾಲಾಗಿ ನೋಡಬೇಕು, ಅದನ್ನೂ ಎರಡು ಜಾಗಕ್ಕೆ ಒಟ್ಟಿಗೆ ಅಳೆದು ನೋಡಬೇಕು.

ಒಂದು ಜಾಗ ಮನೆಯೊಳಗಿನ ರೂಟರ್, ಇನ್ನೊಂದು ಮನೆಯಾಚೆಯ ಯಾವುದಾದರೂ ನಂಬಬಹುದಾದ ವಿಳಾಸ. ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, `ipconfig` ಕೊಟ್ಟರೆ `Default Gateway` ಎಂಬ ಸಾಲಿನಲ್ಲಿ ರೂಟರಿನ ವಿಳಾಸ ಸಿಗುತ್ತದೆ. ಆ ಮನೆಯಲ್ಲಿ ಅದು 192.168.1.1 ಇತ್ತು. ಆಮೇಲೆ ಒಂದೊಂದು ಕಿಟಕಿಯಲ್ಲಿ ಒಂದೊಂದು:

```
ping -n 300 192.168.1.1
ping -n 300 8.8.8.8
```

300 ಅಂದರೆ ಸೆಕೆಂಡಿಗೊಂದರಂತೆ ಐದು ನಿಮಿಷ. ಸುಮ್ಮನೆ `ping` ಅಂದರೆ ವಿಂಡೋಸ್ ನಾಲ್ಕೇ ಕಳಿಸಿ ನಿಲ್ಲಿಸುತ್ತದೆ, ನಾಲ್ಕರಿಂದ ಏನೂ ತಿಳಿಯುವುದಿಲ್ಲ. 8.8.8.8 ಗೂಗಲಿನ ವಿಳಾಸ, ಆಟದ ಸರ್ವರ್ ಅಲ್ಲ. ಆಟದ ಸರ್ವರುಗಳು ಎಷ್ಟೋ ಸಲ ಪಿಂಗಿಗೆ ಉತ್ತರ ಕೊಡುವುದೇ ಇಲ್ಲವಾದ್ದರಿಂದ ಇದು ಬದಲಿ ಏರ್ಪಾಡು. ಅಲ್ಲಿಯವರೆಗಿನ ದಾರಿ ಹೇಗಿದೆ ಎಂದು ಗೊತ್ತಾದರೆ ನಮಗೆ ಸಾಕು.

ಹುಡುಗನ ಕೋಣೆ ಮನೆಯ ಹಿಂಬದಿಗೆ, ರೂಟರ್ ಹಾಲಿನ ಟಿವಿ ಮೇಲೆ, ನಡುವೆ ಎರಡು ದಪ್ಪ ಗೋಡೆ. ಲ್ಯಾಪ್‌ಟಾಪ್ ವೈಫೈನಲ್ಲಿತ್ತು. ರೂಟರಿಗೆ ಕೊಟ್ಟ ಪಿಂಗ್ ಕಿಟಕಿಯಲ್ಲಿ ಬಂದದ್ದು ಹೀಗೆ:

```
time=3ms
time=2ms
time=4ms
time=118ms
time=61ms
time=3ms
```

ನೋಡಿ, ಇದು ಮುಂಬಯಿಯ ದಾರಿಯಲ್ಲ. ಹಿಂದಿನ ಕೋಣೆಯಿಂದ ಹಾಲಿಗೆ, ಮೂವತ್ತು ಅಡಿ ದೂರಕ್ಕೆ 118 ಮಿಲಿಸೆಕೆಂಡ್. ಹೊರಗಿನ ವಿಳಾಸದ ಕಿಟಕಿಯಲ್ಲೂ ಅದೇ ಹೊತ್ತಿಗೆ ಅಷ್ಟೇ ಏರಿಳಿತ. ಎರಡೂ ಒಟ್ಟಿಗೆ ನೆಗೆದರೆ ದೋಷ ಎರಡಕ್ಕೂ ಸಾಮಾನ್ಯವಾದ ತುಂಡಿನಲ್ಲಿದೆ. ಇಲ್ಲಿ ಅದು ವೈಫೈ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಗಾಳಿಯಲ್ಲಿ ಸಿಗ್ನಲ್ ಕೆಟ್ಟಾಗ ಪ್ಯಾಕೆಟ್ ಕಳೆಯಬೇಕು, ಅಂದರೆ ಪ್ಯಾಕೆಟ್ ಲಾಸ್ ಕಾಣಬೇಕು, ಅಲ್ಲವೇ? ಆದರೆ ಆ 300ರಲ್ಲಿ ಒಂದೂ ಕಳೆದಿರಲಿಲ್ಲ. ಏಕೆಂದರೆ ವೈಫೈ ಕಳಿಸಿದ ಪ್ರತಿಯೊಂದಕ್ಕೂ ಆಚೆಯಿಂದ ರಸೀದಿ ಕೇಳುತ್ತದೆ. ರಸೀದಿ ಬರದಿದ್ದರೆ ಸ್ವಲ್ಪ ತಡೆದು ಮತ್ತೆ ಕಳಿಸುತ್ತದೆ, ಮತ್ತೂ ಬರದಿದ್ದರೆ ಇನ್ನಷ್ಟು ತಡೆದು ಇನ್ನೊಮ್ಮೆ. ಹೀಗೆ ನಾಲ್ಕಾರು ಸಲ ಪ್ರಯತ್ನಿಸಿ ಕೊನೆಗೂ ಮುಟ್ಟಿಸುತ್ತದೆ. ಮೊಬೈಲಿನಲ್ಲಿ ಓದುವವರಿಗೆ, ಸಿನಿಮಾ ನೋಡುವವರಿಗೆ ಇದು ಉಪಕಾರ. ಆಟದವನಿಗೆ ಮಾತ್ರ ಮುಟ್ಟಿತು ಅನ್ನುವುದಕ್ಕಿಂತ ತಡವಾಗಿ ಮುಟ್ಟಿತು ಅನ್ನುವುದೇ ದೊಡ್ಡದು. ಹೀಗೆ ವೈಫೈ ತನ್ನ ನಷ್ಟವನ್ನು ಜಿಟರಿನ ವೇಷ ಹಾಕಿಸಿ ಹೊರಗೆ ಕಳಿಸುತ್ತದೆ. ಪ್ಯಾಕೆಟ್ ಲಾಸ್ ಸೊನ್ನೆ ಅಂತ ತೋರಿಸುತ್ತಿದೆ, ವೈಫೈ ಚೆನ್ನಾಗಿದೆ ಅನ್ನುವ ವಾದ ನಿಲ್ಲದಿರುವುದು ಇದಕ್ಕೇ.

ಆ ಲ್ಯಾಪ್‌ಟಾಪ್ 2.4 ಗಿಗಾಹರ್ಟ್ಸ್ ವೈಫೈಗೆ ಅಂಟಿಕೊಂಡಿತ್ತು. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ: 1, 6, 11. ಅಕ್ಕಪಕ್ಕದ ಹತ್ತು ಮನೆಯ ರೂಟರುಗಳು ಆ ಮೂರರಲ್ಲೇ ನುಗ್ಗಾಡಬೇಕು. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಜಾಗದಲ್ಲಿ ಸದ್ದು ಮಾಡುತ್ತದೆ. 5 ಗಿಗಾಹರ್ಟ್ಸ್ ಖಾಲಿಯಿರುತ್ತದೆ, ಆದರೆ ಆ ಎರಡು ಗೋಡೆಗಳನ್ನು ದಾಟುವ ಕಸುವು ಅದಕ್ಕಿಲ್ಲ. ಇನ್ನೊಂದು ಗುರುತನ್ನೂ ಹೇಳಿಬಿಡುತ್ತೇನೆ: ನೆಗೆತ ಗಡಿಯಾರ ಇಟ್ಟ ಹಾಗೆ ಒಂದೇ ಅಂತರದಲ್ಲಿ ಬರುತ್ತಿದ್ದರೆ ತಪ್ಪು ನೆರೆಮನೆಯವರದಲ್ಲ. ಲ್ಯಾಪ್‌ಟಾಪೇ ಆಗಾಗ ಬೇರೆ ವೈಫೈ ಹುಡುಕಲು ಚಾನೆಲ್ ಬಿಟ್ಟು ಹೋಗಿ ಬರುತ್ತಿರುತ್ತದೆ.

ಪರಿಹಾರ ಹಳೆಯದೇ, ತಂತಿ. ಗೋಡೆಯ ಅಂಚಿನಲ್ಲಿ ಈಥರ್‌ನೆಟ್ ಕೇಬಲ್ ಎಳೆಸಿದ್ದಾಯಿತು. ಅಮ್ಮ ಒಂದೆರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು, ಗೋಡೆಗೆ ಹೊಸ ಬಣ್ಣವಾಗಿತ್ತಂತೆ. ರೂಟರಿನ ಪಿಂಗ್ ಮಾತ್ರ `time<1ms` ಎಂದು ಐದು ನಿಮಿಷವೂ ಕದಲಲಿಲ್ಲ. ಹೊರಗಿನದು 14, 15. ಮಧ್ಯಾಹ್ನದ ಆಟ ಸರಿಹೋಯಿತು.

ಸಂಜೆಯದು ಸರಿಹೋಗಲಿಲ್ಲ. ರಾತ್ರಿ ಎಂಟೂವರೆ ಸುಮಾರಿಗೆ ಹುಡುಗನ ಫೋನ್. ಎರಡು ಕಿಟಕಿ ಮತ್ತೆ ತೆರೆಸಿದೆ. ಈ ಸಲ ರೂಟರಿನ ಕಿಟಕಿ ಶಾಂತವಾಗಿತ್ತು, ಹೊರಗಿನದು ಮಾತ್ರ 15ರಿಂದ 400 ದಾಟಿ, ಎರಡು ಮೂರು ಸೆಕೆಂಡ್ ಅಲ್ಲೇ ನಿಂತು, ಕೆಳಗಿಳಿದು, ಮತ್ತೆ ಏರುತ್ತಿತ್ತು. ಅಂದರೆ ಮನೆಯೊಳಗಿನ ದಾರಿ ಸರಿಯಿದೆ, ರೂಟರಿನಿಂದ ಹೊರಗೆ ಹೋಗುವ ಬಾಗಿಲಲ್ಲಿ ನೂಕುನುಗ್ಗಲು.

"ಮನೆಯಲ್ಲಿ ಈಗ ಯಾರು ಬಂದರಪ್ಪ?"

"ಅಕ್ಕ ಕಾಲೇಜಿಂದ ಬಂದ್ಲು ಅಂಕಲ್, ರೂಮಲ್ಲಿದಾಳೆ. ಫೋನ್ ಚಾರ್ಜಿಗೆ ಹಾಕಿದಾಳೆ, ಅಷ್ಟೇ."

ಅಷ್ಟೇ ಅಂದದ್ದರಲ್ಲೇ ಎಲ್ಲವೂ ಇತ್ತು. ಫೋನ್ ಮನೆಯ ವೈಫೈ ಸೇರಿ, ಚಾರ್ಜಿಗೆ ಹಾಕಿದ ಕೂಡಲೇ ಆ ದಿನ ತೆಗೆದ ಫೋಟೋ ವಿಡಿಯೋಗಳನ್ನು ಒಂದೊಂದಾಗಿ ಕ್ಲೌಡಿಗೆ ಏರಿಸುತ್ತಿತ್ತು. ಅಪ್ಪ ಏರಿಸಿದ್ದ ಪ್ಲಾನಿನಲ್ಲಿ ಡೌನ್‌ಲೋಡ್ 150 ಆಗಿತ್ತು, ಅಪ್‌ಲೋಡ್ ಮಾತ್ರ ಮೊದಲಿನಂತೆ 10ರಲ್ಲೇ ಇತ್ತು. ಪ್ಲಾನ್ ಬದಲಿಸುವಾಗ ಆ ಎರಡನೇ ಅಂಕಿಯನ್ನು ಕೇಳುವವರು ಕಡಿಮೆ.

ಇದು ಹಿಟ್ಟಿನ ಗಿರಣಿಯ ಕತೆ. ನಿಮ್ಮ ಕೈಯಲ್ಲಿರುವುದು ಒಂದು ಸೇರಿನ ಡಬ್ಬಿ, ಅರ್ಧ ನಿಮಿಷದ ಕೆಲಸ. ಆದರೆ ನಿಮಗಿಂತ ಮುಂಚೆ ಒಬ್ಬರು ನಾಲ್ಕು ಮೂಟೆ ರಾಗಿ ಇಳಿಸಿದ್ದಾರೆ. ಗಿರಣಿ ಸರಿಯಾಗಿಯೇ ಓಡುತ್ತಿದೆ, ನಿಮ್ಮ ಡಬ್ಬಿ ಮಾತ್ರ ಸರದಿಯಲ್ಲಿ ಕಾಯುತ್ತಿದೆ. ರೂಟರಿನಲ್ಲೂ ಹೊರಹೋಗುವ ಪ್ಯಾಕೆಟ್ಟುಗಳು ಕಾಯುವ ಒಂದು ಜಾಗವಿದೆ, ಅದಕ್ಕೆ ಬಫರ್ ಅನ್ನುತ್ತಾರೆ. ಆ ಬಫರ್ ಅರ್ಧ ಎಂಬಿ ಹಿಡಿಸುತ್ತದೆ ಅಂದುಕೊಳ್ಳಿ. ಅರ್ಧ ಎಂಬಿ ಅಂದರೆ 4 ಮೆಗಾಬಿಟ್. ಸೆಕೆಂಡಿಗೆ 10 ಮೆಗಾಬಿಟ್ ಹೋಗುವ ಲೈನಿನಲ್ಲಿ ಅದು ಖಾಲಿಯಾಗಲು 0.4 ಸೆಕೆಂಡ್, ಅಂದರೆ 400 ಮಿಲಿಸೆಕೆಂಡ್ ಬೇಕು. ಅಕ್ಕನ ಫೋಟೋಗಳು ಅದನ್ನು ತುಂಬಿಸಿಟ್ಟರೆ ತಮ್ಮನ ಪ್ರತಿಯೊಂದು ಗುಂಡೂ 400 ಮಿಲಿಸೆಕೆಂಡ್ ಹಿಂದೆ. ಮೂರು ಎಂಬಿಯ ಒಂದು ಫೋಟೋ ಹೋಗಲು ಎರಡೂವರೆ ಸೆಕೆಂಡ್ ಬೇಕು. ಅದು ಮುಗಿದು ಇನ್ನೊಂದು ಶುರುವಾಗುವವರೆಗೆ ಬಿಡುವು. ಪಿಂಗ್ ಏರಿ, ನಿಂತು, ಇಳಿದು, ಮತ್ತೆ ಏರುತ್ತಿದ್ದದ್ದು ಇದಕ್ಕೆ ಸರಿಯಾಗಿ ಕೂಡುತ್ತದೆ.

ಈ ಕಾಟಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಅದರ ಬಗ್ಗೆ 2010ರ ಸುಮಾರಿಗೆ ಗಲಾಟೆ ಎಬ್ಬಿಸಿದವರು ಜಿಮ್ ಗೆಟ್ಟಿಸ್. ಒಂದೂ ಕಳೆಯಬಾರದೆಂದು ತಯಾರಕರು ಬಫರನ್ನು ದೊಡ್ಡದು ಮಾಡುತ್ತಾ ಹೋದರು, ಹಾಗಾಗಿ ಎಲ್ಲವೂ ತಡವಾಗತೊಡಗಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಉಪಾಯವನ್ನು ಕೊಟ್ಟರು. ಅದರ ಮೇಲೆ ಕಟ್ಟಿದ `fq_codel` ಸರದಿಯನ್ನು ಉದ್ದ ಬೆಳೆಯಲು ಬಿಡುವುದಿಲ್ಲ, ಜೊತೆಗೆ ಡಬ್ಬಿ ತಂದವರನ್ನು ಮೂಟೆಗಳ ಹಿಂದೆ ನಿಲ್ಲಿಸುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರುಗಳಲ್ಲಿ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ಅಲ್ಲಿ ವೇಗವನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ, 10 ಇದ್ದರೆ 9 ಎಂದು ಕೊಡಬೇಕು. ಆಗಲೇ ಸರದಿ ನಿಮ್ಮ ರೂಟರಿನ ಹಿಡಿತದಲ್ಲಿ ಉಳಿಯುತ್ತದೆ. ಕಂಪನಿಯವರು ಕೊಡುವ ರೂಟರುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಕುವೆಂಪುನಗರದ ಮನೆಯಲ್ಲಿ ಅಷ್ಟೆಲ್ಲ ಬೇಕಾಗಲಿಲ್ಲ. ರಾತ್ರಿ ಬೇರೆಲ್ಲರೂ ಮಲಗಿದ ಮೇಲೆ ಫೋನನ್ನು ವೈಫೈಗೆ ಸೇರಿಸುವುದೆಂದು ಅಕ್ಕ ತಮ್ಮನ ಒಪ್ಪಂದವಾಯಿತು. ಅದಕ್ಕೆ ಬದಲಾಗಿ ತಮ್ಮ ಏನು ಒಪ್ಪಿಕೊಂಡನೋ ನನಗೆ ಹೇಳಲಿಲ್ಲ.

ಮನೆಯ ಎಲ್ಲ ಫೋನು, ಟಿವಿ ಆರಿಸಿಟ್ಟರೂ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ಹೊರಗಿನ ಪಿಂಗ್ ಕುಣಿಯುತ್ತಿದ್ದರೆ, ಬೆಳಗಿನ ಆರಕ್ಕೆ ಶಾಂತವಾಗಿದ್ದರೆ, ಅದೇ ಸರದಿ ನಿಮ್ಮ ಮನೆಯಾಚೆ ಕಂಪನಿಯ ಲೈನಿನಲ್ಲಿ ಆಗುತ್ತಿದೆ ಎಂದರ್ಥ. ಇಡೀ ಬಡಾವಣೆ ಆ ಹೊತ್ತಿಗೆ ಸಿನಿಮಾ ನೋಡುತ್ತಿರುತ್ತದೆ. ಅದಕ್ಕೆ ಮನೆಯಲ್ಲಿ ಮಾಡುವಂಥದ್ದೇನಿಲ್ಲ.

ಇನ್ನು ಪ್ಯಾಕೆಟ್ ಲಾಸ್. ಸರದಿ ತುಂಬಿ ತುಳುಕಿದಾಗಲೂ ಪ್ಯಾಕೆಟ್ ಬಿದ್ದುಹೋಗುತ್ತದೆ, ತಂತಿ ಕೆಟ್ಟಾಗಲೂ ಬಿದ್ದುಹೋಗುತ್ತದೆ. ಎರಡಕ್ಕೂ ಪರದೆಯ ಮೇಲೆ ಬರುವ ಸಾಲು ಒಂದೇ, `Request timed out.` ಬೇರ್ಪಡಿಸುವ ದಾರಿ ಅದರ ಅಕ್ಕಪಕ್ಕದ ಸಾಲುಗಳಲ್ಲಿದೆ. ಕಳೆದುಹೋಗುವ ಮೊದಲು ಪಿಂಗ್ 50, 180, 390 ಎಂದು ಏರುತ್ತಾ ಹೋಗಿದ್ದರೆ ಅದು ಸರದಿ. ಕಾಯುವ ಜಾಗ ತುಂಬಿ ಉಳಿದವನ್ನು ಹೊರಗೆ ಹಾಕಿದೆ. ಪಿಂಗ್ 15, 14, 15 ಎಂದು ಸಪಾಟಾಗಿದ್ದು, ನಡುವೆ ಥಟ್ಟನೆ ಒಂದು ಮಾಯವಾಗಿ, ಮತ್ತೆ 15, 14 ಎಂದು ಬಂದರೆ ಸರದಿಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲೋ ತಂತಿ, ಕನೆಕ್ಟರ್, ಜೋಡಣೆ ಕೆಟ್ಟಿದೆ. ಈ ಒಂದು ಭೇದ ಗೊತ್ತಿದ್ದರೆ ಅನಗತ್ಯವಾಗಿ ಲೈನ್‌ಮನ್ ಕರೆಸುವುದೂ ತಪ್ಪುತ್ತದೆ, ಕರೆಸಲೇಬೇಕಾದಾಗ ಸುಮ್ಮನಿರುವುದೂ ತಪ್ಪುತ್ತದೆ.

ರೂಟರಿಗೆ ಕೊಟ್ಟ ಪಿಂಗಿನಲ್ಲೇ ನಷ್ಟವಿದ್ದರೆ ಮೊದಲು ನಿಮ್ಮ ಈಥರ್‌ನೆಟ್ ಕೇಬಲ್ ನೋಡಿ. ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದು ಪ್ಲಗ್ ಅಲ್ಲಾಡುತ್ತಿರುವುದು ಬಲು ಸಾಮಾನ್ಯ. ಗಿಗಾಬಿಟ್ ವೇಗಕ್ಕೆ ಕೇಬಲಿನೊಳಗಿನ ನಾಲ್ಕು ಜೋಡಿ ತಂತಿಗಳೂ ಬೇಕು, 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಹಾಗಾಗಿ ಕಂಪ್ಯೂಟರ್ ಗಿಗಾಬಿಟ್ ಬದಲು 100 ಎಂದು ತೋರಿಸುತ್ತಿದ್ದರೆ ಒಳಗೆ ಒಂದು ಎಳೆ ತುಂಡಾಗಿರಬಹುದು. ಹೊಸ ಕೇಬಲ್ ಹಾಕಿ ನೋಡುವುದು ಸುಲಭದ ಪರೀಕ್ಷೆ.

ರೂಟರಿನವರೆಗೆ ಸರಿಯಿದ್ದು ಹೊರಗೆ ಸಪಾಟು ನಷ್ಟವಿದ್ದರೆ ಮನೆಗೆ ಬರುವ ಫೈಬರಿನ ಮೇಲೆ ಕಣ್ಣಿಡಿ. ಕಂಬದಿಂದ ಕಿಟಕಿಗೆ, ಕಿಟಕಿಯಿಂದ ಬೀರುವಿನ ಹಿಂದೆ ಹಾದು ಬರುವ ಆ ತೆಳು ತಂತಿಯನ್ನು ಬಿಗಿಯಾಗಿ ಸುತ್ತಿ ಮೊಳೆಗೆ ಸಿಕ್ಕಿಸಿದ್ದರೆ ಬೆಳಕು ಆ ತಿರುವಿನಲ್ಲೇ ಸೋರಿಹೋಗುತ್ತದೆ. ಗೋಡೆಯ ಪೆಟ್ಟಿಗೆಯಲ್ಲಿ ಕನೆಕ್ಟರಿನ ಬಣ್ಣ ಗಮನಿಸಿ. ಹಸಿರು ಕನೆಕ್ಟರಿನ ಗಾಜಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಹಾಗಿಲ್ಲ. ಅವಸರದಲ್ಲಿ ಹಸಿರನ್ನು ನೀಲಿಗೆ ಜೋಡಿಸಿ ಹೋದರೆ ಎರಡು ತುದಿ ಸರಿಯಾಗಿ ಕೂಡುವುದಿಲ್ಲ; ಲೈನ್ ಬರುತ್ತದೆ, ಆದರೆ ಬಲವಿಲ್ಲದೆ ಬರುತ್ತದೆ. ಎಷ್ಟು ಬಲವಿದೆ ಅನ್ನುವುದನ್ನು ಲೈನ್‌ಮನ್ ಹತ್ತಿರವಿರುವ ಮೀಟರ್ ಡಿಬಿಎಂನಲ್ಲಿ ತೋರಿಸುತ್ತದೆ. ಕೆಲವು ರೂಟರುಗಳ ಒಳಪುಟದಲ್ಲೂ ಅದು ಇರುತ್ತದೆ. ಮೈನಸ್ 20ರ ಆಸುಪಾಸಿದ್ದರೆ ನೆಮ್ಮದಿ. ಮನೆಗಳಿಗೆ ಹಾಕುವ ಸಾಮಾನ್ಯ ಬಗೆಯ ಪೆಟ್ಟಿಗೆಗಳಿಗೆ ಮೈನಸ್ 27 ಕೊನೆಯ ಮೆಟ್ಟಿಲು. ಅಲ್ಲಿ ಕೆಂಪು ದೀಪ ಹತ್ತಿರುವುದಿಲ್ಲ, ಸ್ಪೀಡ್ ಟೆಸ್ಟೂ ಸುಮಾರಾಗಿ ಚೆನ್ನಾಗಿಯೇ ಬರಬಹುದು, ಆಟದಲ್ಲಿ ಮಾತ್ರ ಎಳೆತ ಶುರುವಾಗಿರುತ್ತದೆ. ಮಳೆ ಬಂದ ದಿನ ಹೆಚ್ಚು, ಬಿಸಿಲು ಬಂದರೆ ಕಡಿಮೆ ಎಂದಾದರೆ ಕಂಬದ ಮೇಲಿನ ಜೋಡಣೆಯೊಳಗೆ ನೀರು ಹೋಗಿದೆ ಎಂದು ಅನುಮಾನಿಸಬಹುದು.

`tracert` ಅಥವಾ `pathping` ಕೊಟ್ಟು ನಷ್ಟ ಹುಡುಕುವವರು ಒಂದು ಕಡೆ ಎಡವುತ್ತಾರೆ. ದಾರಿಯ ನಡುವಿನ ಒಂದು ನಿಲ್ದಾಣದಲ್ಲಿ ನೂರಕ್ಕೆ 60 ನಷ್ಟ ಎಂದು ಕಾಣುತ್ತದೆ, ಕೊನೆಯ ನಿಲ್ದಾಣದಲ್ಲಿ ಸೊನ್ನೆ. ಅರವತ್ತು ಅಲ್ಲೇ ಬಿದ್ದಿದ್ದರೆ ಕೊನೆಯವರೆಗೆ ಎಲ್ಲವೂ ಹೇಗೆ ಮುಟ್ಟಿತು? ಆ ನಿಲ್ದಾಣದ ಯಂತ್ರ ಬೇರೆಯವರ ಪ್ಯಾಕೆಟ್ಟುಗಳನ್ನು ಚೆನ್ನಾಗಿಯೇ ದಾಟಿಸುತ್ತಿದೆ, ತನ್ನನ್ನೇ ಮಾತಾಡಿಸುವ ಪಿಂಗುಗಳಿಗೆ ಮಾತ್ರ ಎಲ್ಲದಕ್ಕೂ ಉತ್ತರಿಸುವ ಗೋಜಿಗೆ ಹೋಗುತ್ತಿಲ್ಲ. ಒಂದು ನಿಲ್ದಾಣದಲ್ಲಿ ಶುರುವಾಗಿ ಅಲ್ಲಿಂದ ಕೊನೆಯವರೆಗೂ ಮುಂದುವರಿದ ನಷ್ಟ ಮಾತ್ರ ನಿಜವಾದದ್ದು. ನಡುವಿನ ಒಂದೇ ಸಾಲಿಗೆ ಗೆರೆ ಎಳೆದು ಕಂಪನಿಗೆ ಜಗಳ ಬರೆದರೆ ಅಲ್ಲಿಯ ಎಂಜಿನಿಯರ್ ಉಳಿದದ್ದನ್ನು ಓದುವುದಿಲ್ಲ.

ಕಸ್ಟಮರ್ ಕೇರಿಗೆ ಫೋನ್ ಮಾಡಿ "ನೆಟ್ ಸ್ಲೋ" ಅಂದರೆ ಅವರು ಸ್ಪೀಡ್ ಟೆಸ್ಟ್ ಮಾಡಿಸಿ 150 ಬರುತ್ತಿದೆಯಲ್ಲ ಸಾರ್ ಎಂದು ಫೋನ್ ಇಡುತ್ತಾರೆ. ಅವರ ಮಟ್ಟಿಗೆ ಅದು ಸರಿಯಾದ ಉತ್ತರವೇ. "ಕಂಪ್ಯೂಟರನ್ನು ತಂತಿಯಲ್ಲಿ ಜೋಡಿಸಿ ನೋಡಿದ್ದೇನೆ, ರೂಟರಿಗೆ 300ರಲ್ಲಿ ಒಂದೂ ಹೋಗಿಲ್ಲ, ಹೊರಗೆ 300ರಲ್ಲಿ 12 ಹೋಗಿವೆ, ಪಿಂಗ್ ಏರದೆ ಹೋಗಿವೆ, ಬೆಳಿಗ್ಗೆಯೂ ರಾತ್ರಿಯೂ ಹಾಗೇ ಇದೆ, ಲೈನಿನ ಪವರ್ ಅಳೆಯಿರಿ" ಅಂದು ನೋಡಿ. ಆಗ ಅವರು ಲೈನ್‌ಮನ್ ಕಳಿಸದೆ ಬೇರೆ ದಾರಿಯಿರುವುದಿಲ್ಲ. 300ರಲ್ಲಿ ಒಂದೋ ಎರಡೋ ಹೋಗಿದ್ದರೆ ಮಾತ್ರ ದೂರು ಕೊಡಬೇಡಿ, ಅಷ್ಟು ಯಾವ ಲೈನಿನಲ್ಲೂ ಆಗಾಗ ಹೋಗುತ್ತದೆ. ಇನ್ನೊಂದು ದಿನ ಇನ್ನೊಮ್ಮೆ ಅಳೆಯಿರಿ.

ಮೊಬೈಲ್ ಡೇಟಾದಲ್ಲಿ ಆಡುವವರಿಗೆ ಈ ಲೆಕ್ಕ ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿ ಟವರ್ ಎಷ್ಟು ಫೋನುಗಳಿಗೆ ಸರದಿ ಹಂಚುತ್ತಿದೆ ಎಂಬುದರ ಮೇಲೆ ಜಿಟರ್ ಹೆಚ್ಚು ಕಡಿಮೆಯಾಗುತ್ತಲೇ ಇರುತ್ತದೆ. ಕಿಟಕಿಯ ಹತ್ತಿರ ಕೂತು ಆಡುವುದರ ಹೊರತು ಹೆಚ್ಚೇನೂ ಹೇಳಲು ಬರುವುದಿಲ್ಲ.

ಇಷ್ಟೆಲ್ಲ ಅಳೆಯುವ ಮೊದಲು ಆಟದ ಅಂಕಪಟ್ಟಿ ತೆರೆದು ಉಳಿದವರ ಪಿಂಗನ್ನೂ ಒಮ್ಮೆ ನೋಡಿ. ಹತ್ತೂ ಜನರದು ಒಟ್ಟಿಗೆ ಏರಿದ್ದರೆ, ಚಾಟಿನಲ್ಲಿ ದೆಹಲಿಯವನೂ ಹೈದರಾಬಾದಿನವನೂ ಲ್ಯಾಗ್ ಎಂದು ಬರೆಯುತ್ತಿದ್ದರೆ, ತೊಂದರೆ ಸರ್ವರಿನ ಕಡೆ ಇದೆ. ಆ ರಾತ್ರಿ ನಿಮ್ಮ ಮನೆಯ ತಂತಿಗಳನ್ನು ಮುಟ್ಟುವ ಅಗತ್ಯವಿಲ್ಲ.